ಸಂಜೆ 6:30ಕ್ಕೆ ಜಿಮ್, 4ಕ್ಕೆ ಬಿಸ್ಕತ್ತು: ಡಬ್ಬೀಲಿ ಏನು ತಗೊಂಡು ಹೋಗೋದು?

ನರಸಾಪುರ ಶಿಫ್ಟ್

ಎಲ್ಲರಿಗೂ ನಮಸ್ಕಾರ. ಕೆಲಸ ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಮನೆ ಕೋಲಾರದಲ್ಲಿ. 1ಕ್ಕೆ ಊಟ, 4ಕ್ಕೆ ಹತ್ತು ನಿಮಿಷ ಟೀ ಬ್ರೇಕ್, 5:30ಕ್ಕೆ ಶಿಫ್ಟ್ ಮುಗಿಯುತ್ತೆ. ಕಂಪನಿ ಬಸ್ಸು 6:15ಕ್ಕೆ ಕೋಲಾರ ತಲುಪುತ್ತೆ, 6:30ಕ್ಕೆ ಜಿಮ್. ತೂಕ 58 ಕೆಜಿ, ವಾರಕ್ಕೆ ನಾಲ್ಕು ದಿನ ವೇಟ್ಸ್ ಮಾಡ್ತೀನಿ.

ಈಗ 4ಕ್ಕೆ ಟೀ ಜೊತೆ ನಾಲ್ಕು ಮಾರಿ ಬಿಸ್ಕತ್ತು, ಹಸಿವು ತಡೀದೇ ಇದ್ರೆ ಮೆಷಿನ್‌ನಿಂದ ಒಂದು ಪ್ಯಾಕೆಟ್ ಚಿಪ್ಸ್. ಬಿಸ್ಕತ್ತಿನ ದಿನ ಮೂರನೇ ಸೆಟ್‌ಗೇ ಕೈಕಾಲು ಸೋತು ಹೋಗುತ್ತೆ. ಚಿಪ್ಸ್ ತಿಂದ ದಿನ ಸ್ಕ್ವಾಟ್‌ಗೆ ಕೂತ್ರೆ ಹುಳಿತೇಗು. ಡಬ್ಬಿ ಬೆಳಿಗ್ಗೆ 7:30ಕ್ಕೆ ಕಟ್ಟಬೇಕು. ಫ್ರಿಜ್ ಇಲ್ಲ, ಓವನ್ ಇಲ್ಲ. ಕುಡಿಯೋ ನೀರು ಬಿಸಿ, ತಣ್ಣಗೆ ಎರಡೂ ಸಿಗುತ್ತೆ. ಏನು ತಗೊಂಡು ಹೋಗ್ಲಿ, ಎಷ್ಟು, ಯಾವಾಗ ತಿನ್ಲಿ?

ಬಾರ್ಬೆಲ್ ತುಮಕೂರು

ಸಿಸ್ಟರ್, ಸಿಂಪಲ್. ಖರ್ಜೂರ, ಬಾದಾಮಿ, ಗೋಡಂಬಿ, ಒಣಕೊಬ್ಬರಿ, ತುಪ್ಪ ಹಾಕಿ ಉಂಡೆ ಕಟ್ಟಿಸ್ಕೊಳ್ಳಿ. ಬಸ್ಸಲ್ಲಿ ಎರಡು ಉಂಡೆ ತಿನ್ನಿ, ಮೇಲೆ ಒಂದು ಬ್ಲ್ಯಾಕ್ ಕಾಫಿ. ನಮ್ಮ ಜಿಮ್‌ನಲ್ಲಿ ತುಂಬ ಜನ ಇದನ್ನೇ ತಿನ್ನೋದು. ಕೆಡಲ್ಲ, ಡಬ್ಬೀಲಿ ವಾರ ಇರುತ್ತೆ, ಪವರ್ ಜಾಸ್ತಿ.

ರಾಗಿಕಣ

ಉಂಡೆ ಕೆಡಲ್ಲ ಅನ್ನೋದು ಸರಿ, ಆದ್ರೆ ಇವರ ಟೈಮಿಗೆ ಅದು ಹೊಂದಲ್ಲ. ಬಾದಾಮಿ, ಕೊಬ್ಬರಿ, ತುಪ್ಪ ಎಲ್ಲದರಲ್ಲೂ ಕೊಬ್ಬೇ ಜಾಸ್ತಿ. ಕೊಬ್ಬು ಇದ್ದಷ್ಟೂ ಹೊಟ್ಟೆ ಖಾಲಿಯಾಗೋದು ನಿಧಾನ. 5:45ಕ್ಕೆ ಅಂಥ ಎರಡು ಉಂಡೆ ತಿಂದು 6:30ಕ್ಕೆ ಸ್ಕ್ವಾಟ್ ಮಾಡಿದ್ರೆ ಉಂಡೆ ಇನ್ನೂ ಹೊಟ್ಟೇಲೇ ಇರುತ್ತೆ. ಬಗ್ಗಿದಾಗ ಹೊಟ್ಟೆ ಮೇಲೆ ಒತ್ತಡ ಬಿದ್ದು ಮೇಲಕ್ಕೆ ಬರುತ್ತೆ. ಚಿಪ್ಸ್ ದಿನದ ಹುಳಿತೇಗಿಗೂ ಕಾರಣ ಅದೇ. ಚಿಪ್ಸ್‌ನಲ್ಲಿ ತೂಕದ ಮೂರನೇ ಒಂದು ಭಾಗ ಎಣ್ಣೆ.

ಇನ್ನು ಬಿಸ್ಕತ್ತು. ಅದನ್ನ ವಿಷ ಅನ್ನೋ ಹಾಗೆ ಎಲ್ಲರೂ ಮಾತಾಡ್ತಾರೆ, ಆದ್ರೆ ನಿಮ್ಮ ವಿಷಯದಲ್ಲಿ ಮುಖ್ಯ ತಪ್ಪು ಅಳತೆ ಮತ್ತು ಟೈಮು. ನಾಲ್ಕು ಮಾರಿ ಬಿಸ್ಕತ್ತು ಅಂದ್ರೆ 20-22 ಗ್ರಾಂ, ಅದರಲ್ಲಿ ಪಿಷ್ಟ, ಸಕ್ಕರೆ ಸೇರಿ 16-17 ಗ್ರಾಂ. ಅದನ್ನ 4ಕ್ಕೆ ತಿಂದ್ರೆ 6:30ಕ್ಕೆ ಏನು ಉಳಿಯುತ್ತೆ? 1 ಗಂಟೆ ಊಟ ಆಗಿ ಐದೂವರೆ ಗಂಟೆ ಆಗಿರುತ್ತೆ. ಸೋತು ಹೋಗದೆ ಇನ್ನೇನಾಗುತ್ತೆ.

ವ್ಯಾಯಾಮಕ್ಕೆ ಒಂದು ಗಂಟೆ ಮುಂಚೆ ತಿನ್ನೋದಾದ್ರೆ ತೂಕದ ಪ್ರತಿ ಕೆಜಿಗೆ ಒಂದು ಗ್ರಾಂವರೆಗೆ ಕಾರ್ಬ್ ಅಂತ ಲೆಕ್ಕ. ನಿಮಗೆ ಮೇಲ್ಮಿತಿ 58 ಗ್ರಾಂ. ಮಧ್ಯಾಹ್ನ ಊಟ ಸರಿಯಾಗಿ ಮಾಡಿರೋದ್ರಿಂದ, ಒಂದು ಗಂಟೆ ವೇಟ್ಸ್‌ಗೆ 40-45 ಗ್ರಾಂ ಸಾಕು. ಕೊಬ್ಬು 5 ಗ್ರಾಂ ದಾಟದೇ ಇರ್ಲಿ. ನಾರೂ ತುಂಬ ಬೇಡ, ಆ ಹೊತ್ತಿಗೆ ಮೊಳಕೆಕಾಳು, ಸೌತೆಕಾಯಿ ಸಲಾಡ್ ಅನುಕೂಲ ಅಲ್ಲ.

ಇದಕ್ಕೆಲ್ಲ ಹೊಂದೋದು, ಫ್ರಿಜ್ ಬೇಡದ್ದು, ನಮ್ಮ ಕಡೆ ಮನೆಮನೇಲಿ ಗೊತ್ತಿರೋದು ಒಂದಿದೆ: ರಾಗಿ ಹುರಿಹಿಟ್ಟು. ಬೆಳಿಗ್ಗೆ ಪುಡಿ ತಗೊಂಡು ಹೋಗಿ, 5:30ಕ್ಕೆ ನೀರು ಹಾಕಿ ಕಲಸಿ. ಒಣಗಿದ್ದು ಒಣಗಿದ ಹಾಗೇ ಇರೋದ್ರಿಂದ ಹತ್ತು ಗಂಟೆ ಅಲ್ಲ, ಹತ್ತು ದಿನ ಆದ್ರೂ ಕೆಡಲ್ಲ.

ಒಂದು ಹೊತ್ತಿಗೆ:

ಹುರಿಹಿಟ್ಟು 40 ಗ್ರಾಂ, ಊಟದ ಚಮಚದಲ್ಲಿ ತಲೆ ತಟ್ಟಿ ಸುಮಾರು ಐದು.
ಹುರಿಗಡಲೆ ಪುಡಿ 10 ಗ್ರಾಂ, ಒಂದು ಚಮಚ ಚಿಲ್ಲರೆ.
ಬೆಲ್ಲದ ಪುಡಿ 12 ಗ್ರಾಂ.
ಉಪ್ಪು ಎರಡು ಬೆರಳಲ್ಲಿ ಬರೋಷ್ಟು, ಬೇಕಾದ್ರೆ ಏಲಕ್ಕಿ.
ನೀರು 250 ಎಂಎಲ್.

ಎಲ್ಲ ಸೇರಿ ಹತ್ತಿರ ಹತ್ತಿರ 45 ಗ್ರಾಂ ಕಾರ್ಬ್, 5 ಗ್ರಾಂ ಪ್ರೋಟೀನು ಬರುತ್ತೆ. ಕೊಬ್ಬು ಬಹಳ ಕಡಿಮೆ. ತುಪ್ಪ, ಕೊಬ್ಬರಿ ಹಾಕಬೇಡಿ. ಮನೇಲಿ ಮಕ್ಕಳಿಗೆ ಕೊಡುವಾಗ ಹಾಕೋದು ಬೇರೆ ವಿಷಯ.

ಬೆಲ್ಲದಚ್ಚು

ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ರಾಗಿ ನಿಧಾನವಾಗಿ ಜೀರ್ಣ ಆಗೋದು, ಅದಕ್ಕೇ ರೈತರು ಬೆಳಿಗ್ಗೆ ಮುದ್ದೆ ಉಂಡು ಸಂಜೆವರೆಗೂ ದುಡೀತಾರೆ. ಬೆಲ್ಲಾನೂ ಸಕ್ಕರೆ ಥರ ಅಲ್ಲ, ಎಷ್ಟು ಹಾಕಿದ್ರೂ ತೊಂದ್ರೆ ಇಲ್ಲ. 12 ಗ್ರಾಂ ಯಾಕೆ, 30 ಗ್ರಾಂ ಹಾಕಿ.

ರಾಗಿಕಣ

ಬೆಲ್ಲದಚ್ಚು ಅವರೇ, ಅರ್ಧ ಒಪ್ಪುತೀನಿ. ಮುದ್ದೆ ಹೊಟ್ಟೇಲಿ ಹೊತ್ತು ನಿಲ್ಲೋದು ನಿಜ, ಜೊತೆಗೆ ಸೊಪ್ಪಿನ ಸಾರೋ ಕಾಳಿನ ಸಾರೋ ಇರುತ್ತೆ, ಮುದ್ದೆ ಗಾತ್ರಾನೂ ದೊಡ್ಡದು. ಹುರಿಹಿಟ್ಟು ಬೇರೆ. ಅಲ್ಲಿ ರಾಗಿ ಕಾಳು ಅರಳಾಗಿ ಒಡೆದಿರುತ್ತೆ, ಒಳಗಿನ ಪಿಷ್ಟ ಆಗಲೇ ಬೆಂದಿರುತ್ತೆ, ಮೇಲೆ ನುಣ್ಣಗೆ ಬೀಸಿರ್ತೀವಿ. ಹಾಗಾಗಿ ಅದು ಬೇಗಾನೇ ಜೀರ್ಣ ಆಗುತ್ತೆ. ಜಿಮ್‌ಗೆ ಒಂದು ಗಂಟೆ ಮುಂಚೆ ನಮಗೆ ಬೇಕಿರೋದೂ ಅದೇ. "ರಾಗಿ, ಆದ್ರಿಂದ ನಿಧಾನ" ಅಂದ್ಕೊಂಡು ಶುಗರ್ ಇರೋರು ಹುರಿಹಿಟ್ಟು ಲೋಟಗಟ್ಟಲೆ ಕುಡಿಯೋದು ತಪ್ಪು.

ಬೆಲ್ಲ ಬಹುಪಾಲು ಸಕ್ಕರೇನೇ. ರುಚಿ, ಬಣ್ಣ, ಒಂದಿಷ್ಟು ಖನಿಜ ಜಾಸ್ತಿ ಇರುತ್ತೆ, ಅಷ್ಟೇ. 30 ಗ್ರಾಂ ಹಾಕಿದ್ರೆ ನೀರು ಗಟ್ಟಿ ಪಾನಕ ಆಗುತ್ತೆ, ಕೆಲವರಿಗೆ ಅದು ಕುಡಿದ ಮೇಲೆ ಹೊಟ್ಟೆ ಗುಡುಗುಡು ಅನ್ನುತ್ತೆ. 12 ಗ್ರಾಂ ಇರ್ಲಿ.

ನರಸಾಪುರ ಶಿಫ್ಟ್

ಅಕ್ಕ, ಥ್ಯಾಂಕ್ಸ್. ಇವತ್ತು ಅಂಗಡೀಲಿ "ಹುರಿದ ರಾಗಿ ಹಿಟ್ಟು" ಅಂತ ಪ್ಯಾಕೆಟ್ ಸಿಕ್ತು. ಬಿಸಿ ನೀರು ಹುಯ್ದೆ, ಗಂಟುಗಂಟಾಯ್ತು. ತಣ್ಣೀರಲ್ಲಿ ಕಲಸಿದ್ರೆ ತಳಕ್ಕೆ ಕೂತ್ಕೊಳ್ತು, ಬಾಯಿಗೆ ಹಸಿ ಹಿಟ್ಟಿನ ರುಚಿ. ಹೊಟ್ಟೆ ಉಬ್ಬರ ಬೇರೆ. ನಾನೇನು ತಪ್ಪು ಮಾಡ್ದೆ?

ರಾಗಿಕಣ

ನೀವೇನೂ ತಪ್ಪು ಮಾಡಿಲ್ಲ, ನಿಮಗೆ ಸಿಕ್ಕಿದ್ದು ಹುರಿಹಿಟ್ಟೇ ಅಲ್ಲ. ಹಿಟ್ಟನ್ನ ಬಾಣಲೇಲಿ ಬಿಸಿ ಮಾಡಿದ್ರೆ, ಇಲ್ಲಾ ರಾಗೀನ ಒಣಗಿದ ಹಾಗೇ ಬೆಚ್ಚಗೆ ಹುರಿದು ಬೀಸಿದ್ರೆ ಅದು ಹುರಿದ ರಾಗಿ ಹಿಟ್ಟು. ಅದನ್ನ ಗಂಜಿ ಮಾಡಿ ಬೇಯಿಸ್ಲೇಬೇಕು. ಹುರಿಹಿಟ್ಟು ಅಂದ್ರೆ ರಾಗಿ ಅರಳು ಬೀಸಿದ್ದು.

ಕೊಳ್ಳುವಾಗ ಹೀಗೆ ನೋಡಿ. ಗಾಜಿನ ಲೋಟದಲ್ಲಿ ಅರ್ಧ ತಣ್ಣೀರು ತಗೊಂಡು ಒಂದು ಚಮಚ ಹಿಟ್ಟು ಹಾಕಿ ಕದಡಿ, ಐದು ನಿಮಿಷ ಬಿಡಿ. ಹಸಿ ಹಿಟ್ಟಾದ್ರೆ ತಳದಲ್ಲಿ ಕೆಸರಿನ ಹಾಗೆ ಪದರ ಕೂತು ಮೇಲಿನ ನೀರು ತಿಳಿಯಾಗುತ್ತೆ. ಹುರಿಹಿಟ್ಟಾದ್ರೆ ಬೇಯಿಸದೇನೇ ನೀರು ಮಂದ ಆಗುತ್ತೆ. ಇನ್ನೊಂದು, ಚಿಟಿಕೆ ಹಿಟ್ಟು ನಾಲಿಗೆ ಮೇಲಿಟ್ರೆ ಕರಗಬೇಕು, ಅರಳಿನ ಘಮ ಬರಬೇಕು. ಕಮಟು ವಾಸನೆ ಬಂದ್ರೆ ಹಳೇದು. ಹಲ್ಲಿಗೆ ಕರಕರ ಅಂದ್ರೆ ಮರಳು ಸರಿಯಾಗಿ ಜರಡಿ ಹಿಡಿದಿಲ್ಲ.

ಮನೇಲಿ ಮಾಡೋದಾದ್ರೆ ಒಂದು ಭಾನುವಾರದ ಕೆಲಸ. ಒಂದು ಕೆಜಿ ರಾಗಿ ಕಲ್ಲು ಆರಿಸಿ ಚೆನ್ನಾಗಿ ಕೇರಿ. ಸುಮಾರು 100 ಎಂಎಲ್ ನೀರು ಇಲ್ಲಾ ತೆಳು ಮಜ್ಜಿಗೆ ಚಿಮುಕಿಸಿ, ಎಲ್ಲ ಕಾಳಿಗೂ ತಾಗೋ ಹಾಗೆ ಕೈಯಲ್ಲಿ ಉಜ್ಜಿ, ಗುಡ್ಡೆ ಮಾಡಿ ಬಟ್ಟೆ ಮುಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ನೆರಳಲ್ಲಿ ಅರ್ಧ ಗಂಟೆ ಹರಡಿ. ಮುಟ್ಟಿದ್ರೆ ಕೈಗೆ ಒದ್ದೆ ಅಂಟಬಾರದು, ತೇವ ಒಳಗಡೆ ಇರಬೇಕು. ಆ ಒಳಗಿನ ತೇವಾನೇ ಕಾವಿಗೆ ಆವಿಯಾಗಿ ಕಾಳನ್ನ ಒಡೆಯೋದು. ತೇವ ಕಡಿಮೆ ಆದ್ರೆ ಅರಳಲ್ಲ, ಬರೀ ಕಪ್ಪಾಗುತ್ತೆ. ಹೆಚ್ಚಾದ್ರೆ ಕಾಳು ಮೆತ್ತಗಾಗಿ ಬಾಣಲೆಗೆ ಅಂಟುತ್ತೆ.

ಕಬ್ಬಿಣದ ಬಾಣಲೇಲಿ ತೊಳೆದು ಒಣಗಿಸಿದ ಸಣ್ಣ ಮರಳು ಚೆನ್ನಾಗಿ ಕಾಯ್ಲಿ. ನಾಲ್ಕು ಕಾಳು ಹಾಕಿ ನೋಡಿ, ಎರಡು ಮೂರು ಸೆಕೆಂಡಲ್ಲಿ ಚಿಟಪಟ ಅಂದ್ರೆ ಹದ ಬಂತು. ಒಂದು ಸಲಕ್ಕೆ ಒಂದೇ ಹಿಡಿ ರಾಗಿ. ಹೆಚ್ಚು ಹಾಕಿದ್ರೆ ಮರಳಿನ ಕಾವು ಇಳಿದು ಅರ್ಧಂಬರ್ಧ ಅರಳುತ್ತೆ. ಚಿಟಪಟ ನಿಲ್ಲೋ ಮುಂಚೆ ಜರಡಿಗೆ ಹಾಕಿ ಮರಳು ಇಳಿಸಿ. ಎಲ್ಲ ಆರಿದ ಮೇಲೆ ಮತ್ತೆ ಸಣ್ಣ ಕಣ್ಣಿನ ಜರಡಿ, ಆಮೇಲೆ ಮೊರದಲ್ಲಿ ಕೇರಿ. ಅರಳದ ಕಾಳು ಭಾರ ಇರೋದ್ರಿಂದ ಬೇರೆಯಾಗುತ್ತೆ, ಅದನ್ನ ತೆಗೆದುಬಿಡಿ. ನಿಮಗೆ ಹೊಟ್ಟೆ ಉಬ್ಬರ ಬಂದಿದ್ದು ಹಸಿ ಪಿಷ್ಟದಿಂದಾನೇ. ಅರಳದ ಕಾಳು ಸೇರಿ ಬೀಸಿದ್ರೂ ಅದೇ ಕಾಟ.

ಗಂಟಾಗದ ಹಾಗೆ ಕಲಸೋಕೆ: ಮೊದಲು ನಾಲ್ಕು ಚಮಚ ನೀರು ಮಾತ್ರ ಹಾಕಿ ದೋಸೆ ಹಿಟ್ಟಿನ ಹಾಗೆ ತಿಕ್ಕಿ, ಆಮೇಲೆ ಉಳಿದ ನೀರು. ನೀರು ತಣ್ಣಗೋ ಉಗುರು ಬೆಚ್ಚಗೋ ಇರ್ಲಿ. ಕುದಿಯೋ ನೀರು ಹುಯ್ದ್ರೆ ಗಂಟಿನ ಹೊರಮೈ ಅಂಟಾಗಿ ಒಳಗೆ ಒಣ ಹಿಟ್ಟು ಹಾಗೇ ಉಳಿಯುತ್ತೆ. ಕಲಸಿದ ಮೇಲೆ ಹತ್ತು ನಿಮಿಷದೊಳಗೆ ಕುಡೀರಿ. ಇಪ್ಪತ್ತು ನಿಮಿಷ ಬಿಟ್ರೆ ಅಂಬಲಿ ಥರ ಗಟ್ಟಿಯಾಗಿ ಬಾಟಲಿಯಿಂದ ಇಳಿಯಲ್ಲ.

ಗುಬ್ಬಿ ಅಡುಗೆಮನೆ

ಬೆಲ್ಲಾನ ಬೆಳಿಗ್ಗೇನೇ ಹಿಟ್ಟಿಗೆ ಬೆರೆಸಿ ಇಡಬೇಡಿ. ಬೆಲ್ಲ ತೇವ ಎಳ್ಕೊಳ್ಳುತ್ತೆ. ಮಳೆಗಾಲದಲ್ಲಿ ಸಂಜೆ ಹೊತ್ತಿಗೆ ಡಬ್ಬಿ ಒಳಗೆ ಇಟ್ಟಿಗೆ ಚೂರಿನ ಹಾಗೆ ಹೆಪ್ಪು ಕಟ್ಟಿರುತ್ತೆ. ಹಿಟ್ಟು, ಹುರಿಗಡಲೆ, ಉಪ್ಪು ಒಂದು ಡಬ್ಬೀಲಿ, ಬೆಲ್ಲ ಚಿಕ್ಕ ಡಬ್ಬೀಲಿ ಬೇರೆ ಇಡಿ. ಶೇಕರ್ ಬಾಟಲಿ ಇದ್ರೆ ಕುಡಿದ ತಕ್ಷಣ ನೀರು ಹಾಕಿ ಕುಲುಕಿ ಚೆಲ್ಲಿ. ಮುಚ್ಚಳದ ರಬ್ಬರ್ ಸಂದೀಲಿ ಹಿಟ್ಟು ಉಳಿದ್ರೆ ಮಾರನೇ ದಿನ ಹುಳಿ ವಾಸನೆ ಬರುತ್ತೆ, ಎಷ್ಟು ತಿಕ್ಕಿದ್ರೂ ಹೋಗಲ್ಲ.

ನನಗೆ ಕೇಳಿದ್ರೆ ಹುರಿಹಿಟ್ಟಿಗಿಂತ ಗೊಜ್ಜವಲಕ್ಕಿ ಮೇಲು. ಅಗಿಯೋಕೆ ಏನಾದ್ರೂ ಇದ್ರೇನೇ ಬಿಸ್ಕತ್ತಿನ ಚಪಲ ಹೋಗೋದು. ಕುಡಿಯೋದರಿಂದ ಬಾಯಿ ತಣಿಯಲ್ಲ. ಹುಣಸೆಹುಳಿ ಇರೋದ್ರಿಂದ ಚಿತ್ರಾನ್ನ, ಮೊಸರವಲಕ್ಕಿಗಿಂತ ಸಂಜೆವರೆಗೆ ಚೆನ್ನಾಗಿ ತಡಿಯುತ್ತೆ.

ಒಬ್ಬರಿಗೆ 50 ಗ್ರಾಂ ಗಟ್ಟಿ ಅವಲಕ್ಕಿ. ಮಿಕ್ಸೀಲಿ ಎರಡೇ ಸುತ್ತು, ದಪ್ಪ ರವೆ ಆಗಬೇಕು, ಹಿಟ್ಟಾದ್ರೆ ಮುದ್ದೆ ಕಟ್ಟುತ್ತೆ. ಗೋಲಿ ಗಾತ್ರದ ಹುಣಸೆಹಣ್ಣು ಕಿವುಚಿ 75 ಎಂಎಲ್ ರಸ, ಅದಕ್ಕೆ ಒಂದು ಚಮಚ ಬೆಲ್ಲ, ಅರ್ಧ ಚಮಚ ಸಾರಿನ ಪುಡಿ, ಉಪ್ಪು. ರವೆಗೆ ಹುಯ್ದು ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಆಮೇಲೆ ಒಂದು ಟೀ ಚಮಚ ಎಣ್ಣೇಲಿ ಸಾಸಿವೆ, ಕರಿಬೇವು, ಒಂದು ಚಮಚ ಹುರಿಗಡಲೆ ಒಗ್ಗರಣೆ. ಹಬ್ಬದ ದಿನ ಹಾಕೋ ಕಡಲೆಕಾಯಿ ಬೀಜ, ಕೊಬ್ಬರಿ, ಧಾರಾಳ ಎಣ್ಣೆ ಇಲ್ಲಿ ಬೇಡ. ಎಣ್ಣೆ ಕಡಿಮೆ ಆದಾಗ ಸಂಜೆಗೆ ಒಣಗೋದು ಸಹಜ, ಅದಕ್ಕೆ ಬೆಳಿಗ್ಗೆ ಬೇಕಾದ್ದಕ್ಕಿಂತ ಸ್ವಲ್ಪ ತೇವ ಜಾಸ್ತಿ ಇರ್ಲಿ. ಬಿಸಿ ಇರುವಾಗ ಮುಚ್ಚಳ ಹಾಕಬೇಡಿ. ಮುಚ್ಚಳದಿಂದ ಬೆವರು ಇಳಿದು ಮೇಲಿನ ಪದರ ಅಂಟಾಗುತ್ತೆ, ಕೆಡೋದು ಅಲ್ಲಿಂದಾನೇ ಶುರು.

ರಾಗಿಕಣ

ಗೊಜ್ಜವಲಕ್ಕಿಗೆ ನಂದೂ ಒಂದು ಓಟು, ಆದ್ರೆ 4ರ ಬ್ರೇಕಿಗೆ. ಹುಳಿ, ಖಾರ ಎರಡೂ ಇರೋದ್ರಿಂದ 5:45ಕ್ಕೆ ತಿಂದು ಬಗ್ಗಿ ಎದ್ರೆ ಎದೆ ಉರಿ ಬರೋ ಸಾಧ್ಯತೆ ಜಾಸ್ತಿ. ಇವರಿಗೆ ಹುಳಿತೇಗಿನ ಕಾಟ ಆಗಲೇ ಇದೆ.

ಗುಬ್ಬಿ ಅಡುಗೆಮನೆ

ಸಾರಿನ ಪುಡಿ ಕಡಿಮೆ ಮಾಡಿದ್ರೆ ಉರಿ ಬರಲ್ಲ ಅಂತ ನನ್ನ ಅಭಿಪ್ರಾಯ. ಹುಣಸೆಹುಳಿ ಮೇಲೆ ಇಷ್ಟು ಅನುಮಾನ ಬೇಡ.

ಚಿಂತಾಮಣಿ ಮೇಷ್ಟ್ರು

ತಾವೆಲ್ಲ ಬಹಳ ಚೆನ್ನಾಗಿ ಬರೆಯುತ್ತಿದ್ದೀರಿ. ನನಗೆ 61 ವರ್ಷ, ಸಕ್ಕರೆ ಕಾಯಿಲೆ ಇದೆ, ಬೆಳಿಗ್ಗೆ ಮತ್ತು ರಾತ್ರಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಸಂಜೆ ಒಂದು ಗಂಟೆ ಬಿರುಸಾಗಿ ನಡೆಯುತ್ತೇನೆ. ಈ ಹುರಿಹಿಟ್ಟಿನ ಪಾನಕವನ್ನು ಬೆಲ್ಲ ಬಿಟ್ಟು ಕುಡಿದರೆ ನನ್ನ ಸಕ್ಕರೆ ಇಳಿಯುತ್ತದೆಯೇ? ಎಷ್ಟು ದಿನ ಕುಡಿಯಬೇಕು?

ರಾಗಿಕಣ

ಮೇಷ್ಟ್ರೇ, ನಮಸ್ಕಾರ. ಇದು ಸಕ್ಕರೆ ಇಳಿಸೋ ಪಾನಕ ಅಲ್ಲ, ಮೈಗೆ ಬೇಗ ಸಕ್ಕರೆ ಒದಗಿಸೋದು. ಬೆಲ್ಲ ಬಿಟ್ರೂ 40 ಗ್ರಾಂ ಹುರಿಹಿಟ್ಟಲ್ಲೇ ಸುಮಾರು 28 ಗ್ರಾಂ ಕಾರ್ಬ್ ಇರುತ್ತೆ. ದಯವಿಟ್ಟು ಇದನ್ನ ಔಷಧಿ ಥರ ಕುಡಿಯಬೇಡಿ.

ನಡೆಯೋ ಮುಂಚೆ ನಿಮಗೆ ತಿಂಡಿ ಬೇಕೋ ಬೇಡವೋ ಅನ್ನೋದು ಯಾವ ಮಾತ್ರೆ ಅನ್ನೋದರ ಮೇಲೆ ನಿಂತಿದೆ. ಗ್ಲಿಮೆಪಿರೈಡ್ ಥರದ್ದು ಅಥವಾ ಇನ್ಸುಲಿನ್ ಇದ್ರೆ ನಡೆಯುವಾಗ ಸಕ್ಕರೆ ತೀರಾ ಕೆಳಗೆ ಇಳೀಬಹುದು. ಬರೀ ಮೆಟ್‌ಫಾರ್ಮಿನ್ ಆದ್ರೆ ಆ ಭಯ ತುಂಬ ಕಡಿಮೆ. ಮಾತ್ರೆ ಚೀಟಿ ತೋರಿಸಿ ನಿಮ್ಮ ಡಾಕ್ಟರನ್ನ ಕೇಳಿ. ಜೇಬಲ್ಲಿ ಮಾತ್ರ ಗ್ಲೂಕೋಸ್ ಪುಡಿನೋ ನಾಲ್ಕು ಚಮಚ ಸಕ್ಕರೇನೋ ಇರ್ಲಿ. ನಡೆಯುವಾಗ ಕೈ ನಡುಗಿ, ತಣ್ಣಗೆ ಬೆವತು, ಕಣ್ಣು ಮಂಜಾದ್ರೆ ಅಲ್ಲೇ ಕೂತು ಅದನ್ನ ಬಾಯಿಗೆ ಹಾಕ್ಕೊಳ್ಳಿ.

ಚಿಂತಾಮಣಿ ಮೇಷ್ಟ್ರು

ಧನ್ಯವಾದ ತಾಯಿ. ನನ್ನ ಚೀಟಿಯಲ್ಲಿ ನೀವು ಹೇಳಿದ ಎರಡೂ ಹೆಸರುಗಳಿವೆ. ಸೋಮವಾರ ಡಾಕ್ಟರ ಬಳಿ ಹೋಗುತ್ತೇನೆ.

ಬಾರ್ಬೆಲ್ ತುಮಕೂರು

ಒಂದು ಮಾತು. ನನ್ನ ಉಂಡೆ ಪೂರ್ತಿ ತಪ್ಪು ಅಂತ ಬಿಟ್ಟುಬಿಡಬೇಡಿ. ತೂಕ ಏರಿಸಬೇಕು ಅನ್ನೋ ಹುಡುಗರಿಗೆ 3 ಗಂಟೆ ಗ್ಯಾಪ್ ಇದ್ರೆ ಅದು ಚೆನ್ನಾಗೇ ಕೆಲಸ ಮಾಡುತ್ತೆ. 45 ನಿಮಿಷ ಮುಂಚೆ ಬೇಡ ಅನ್ನೋದು ಒಪ್ಪಿದೆ. ಆದ್ರೆ ಅಕ್ಕ, ಪ್ರೋಟೀನು 5 ಗ್ರಾಂ ಸಾಕಾ? ಮಸಲ್ ಕರಗಲ್ವಾ?

ರಾಗಿಕಣ

ಕರಗಲ್ಲ. ಮಸಲ್‌ಗೆ ಇಡೀ ದಿನದ ಪ್ರೋಟೀನು ಲೆಕ್ಕ. ಮಧ್ಯಾಹ್ನ ಕಾಳು, ಮೊಟ್ಟೆ, ಮೊಸರು ಇದ್ದು, ಜಿಮ್ ಮುಗಿಸಿ 8:30ಕ್ಕೆ ರಾತ್ರಿ ಊಟದಲ್ಲಿ ಮತ್ತೆ ಸಿಕ್ರೆ ಸಾಕು. ಈ ತಿಂಡಿಯ ಕೆಲಸ ಆ ಒಂದು ಗಂಟೆಗೆ ಕಸುವು ಕೊಡೋದು. ಬೆಳಿಗ್ಗೆ ಬೇಯಿಸಿದ ಮೊಟ್ಟೇನ ಫ್ರಿಜ್ ಇಲ್ಲದೆ ಸಂಜೆವರೆಗೆ ಇಟ್ಟು ತಿನ್ನೋದು ಮಾತ್ರ ಯಾರೂ ಮಾಡಬೇಡಿ.

ಕಾಫಿ ಬಗ್ಗೆ ಹೇಳಿದ್ರಿ. ಕಸುವು ಹೆಚ್ಚಿಸೋದು ನಿಜ, ಆದ್ರೆ 5:30ಕ್ಕೆ ಕುಡಿದ್ರೆ ರಾತ್ರಿ 10:30ಕ್ಕೂ ಅರ್ಧದ ಹತ್ತಿರ ಮೈಯಲ್ಲೇ ಇರುತ್ತೆ. ಬೆಳಿಗ್ಗೆ 5:30ಕ್ಕೆ ಏಳೋರಿಗೆ ನಿದ್ದೆ ಹಾಳು. 4ರ ಟೀ ಸಾಕು. ಟೀನ ಹುರಿಹಿಟ್ಟಿನ ಜೊತೆಗೇ ಕುಡಿಯಬೇಡಿ, ರಾಗೀಲಿರೋ ಕಬ್ಬಿಣ ಮೈಗೆ ಹತ್ತೋದಕ್ಕೆ ಟೀ ಅಡ್ಡ ಬರುತ್ತೆ. ಹೆಣ್ಣುಮಕ್ಕಳಿಗೆ ಇದು ಮುಖ್ಯ.

ನರಸಾಪುರ ಶಿಫ್ಟ್

ಎರಡು ವಾರ ಆಯ್ತು, ವರದಿ ಕೊಡ್ತಿದೀನಿ. ಗೊಜ್ಜವಲಕ್ಕಿ 50 ಗ್ರಾಂ 4ಕ್ಕೆ, 5:40ಕ್ಕೆ ಬಸ್ಸಲ್ಲಿ ಎರಡು ಏಲಕ್ಕಿ ಬಾಳೆಹಣ್ಣು, ಹೀಗೆ ಒಂದು ವಾರ. ಹುರಿಹಿಟ್ಟು 5:30ಕ್ಕೆ, 4ಕ್ಕೆ ಬರೀ ಟೀ, ಹೀಗೆ ಇನ್ನೊಂದು ವಾರ. ಎರಡರಲ್ಲೂ ಕೊನೇ ಸೆಟ್‌ವರೆಗೆ ಕೈಕಾಲು ಸೋಲಲಿಲ್ಲ. ಹುಳಿತೇಗು ಗೊಜ್ಜವಲಕ್ಕಿ ವಾರದಲ್ಲಿ ಒಂದು ದಿನ ಮಾತ್ರ ಬಂತು, ಅವತ್ತು ಟೀ ಬ್ರೇಕ್ ತಡವಾಗಿ 4:50ಕ್ಕೆ ತಿಂದಿದ್ದೆ. ಹುರಿಹಿಟ್ಟು ವಾರದಲ್ಲಿ 4ಕ್ಕೆ ಬಿಸ್ಕತ್ತಿನ ಆಸೆ ತಡೆಯೋದು ಕಷ್ಟ ಆಯ್ತು.

ಹೊಸ ತೊಂದ್ರೆ ಒಂದಿದೆ. ಗೇಟಲ್ಲಿ ಸೆಕ್ಯುರಿಟಿ ಪುಡಿ ಡಬ್ಬಿ ತಡೀತಾರೆ. ದಿನಾ ತೆರೆದು ತೋರಿಸಿ, ಏನು ಅಂತ ಹೇಳಬೇಕು. ಪುಡಿ ಇಲ್ಲದೆ ಹುರಿಹಿಟ್ಟನ್ನೇ ಉಂಡೆ ಕಟ್ಟಬಹುದಾ?

ಬೆಲ್ಲದಚ್ಚು

ಬೆಲ್ಲದ ಪಾಕದಲ್ಲಿ ಕಟ್ಟಿ. ಇದರಲ್ಲಿ ಮಾತ್ರ ನನ್ನ ಮಾತು ನಂಬಿ, ಎಳೆ ಪಾಕ ಬಂದ್ರೆ ಗಟ್ಟಿ ನಿಲ್ಲುತ್ತೆ.

ಗುಬ್ಬಿ ಅಡುಗೆಮನೆ

ಒಂದೆಳೆ ಪಾಕಕ್ಕೆ ಹುರಿಹಿಟ್ಟು ಹಾಕಿದ್ರೆ ಬಿಸಿ ಇರುವಾಗ ಉಂಡೆ ಚೆನ್ನಾಗಿ ಬರುತ್ತೆ. ಆದ್ರೆ ತುಪ್ಪ ಇಲ್ಲದೆ ಸಂಜೆ ಹೊತ್ತಿಗೆ ಕಲ್ಲಾಗುತ್ತೆ, ಹಲ್ಲಲ್ಲಿ ಕಚ್ಚೋಕಾಗಲ್ಲ. ಬೆಲ್ಲದ ಅಳತೇನೂ ದುಪ್ಪಟ್ಟಾಗುತ್ತೆ.

ಖರ್ಜೂರದಲ್ಲಿ ಕಟ್ಟಿ. ಹುರಿಹಿಟ್ಟು 30 ಗ್ರಾಂ, ಬೀಜ ತೆಗೆದ ಮೆತ್ತನೆ ಖರ್ಜೂರ 30 ಗ್ರಾಂ, ತುಪ್ಪ ಅರ್ಧ ಟೀ ಚಮಚ ಮಾತ್ರ. ಖರ್ಜೂರಾನ ಕುಟ್ಟಿ ಅಂಟು ಮಾಡ್ಕೊಂಡು ಹಿಟ್ಟು ಸ್ವಲ್ಪ ಸ್ವಲ್ಪಾನೇ ನಾದಿ. ಉದುರುದುರು ಅನ್ನಿಸಿದ್ರೆ ಬೆಚ್ಚಗಿನ ನೀರು ಒಂದು ಟೀ ಚಮಚ, ಅದಕ್ಕಿಂತ ಬೇಡ. ಸರಿಯಾದ ಹದ ಅಂದ್ರೆ ಉಂಡೆ ಒತ್ತಿದ್ರೆ ಅಂಚು ಬಿರಿಯಬೇಕು, ಪುಡಿಯಾಗಬಾರದು. ಎರಡು ಉಂಡೆ ಆಗುತ್ತೆ. ನೀರು ಸೋಕಿರೋದ್ರಿಂದ ಅವತ್ತವತ್ತಿಗೆ ಮಾತ್ರ. ಡಬ್ಬೀನ ಸ್ಕೂಟರ್ ಡಿಕ್ಕೀಲೋ ಬಿಸಿಲು ಬೀಳೋ ಕಿಟಕಿ ಹತ್ತಿರಾನೋ ಇಡಬೇಡಿ.

ರಾಗಿಕಣ

ಇದು ಚೆನ್ನಾಗಿದೆ. ಲೆಕ್ಕಾನೂ ಅಷ್ಟೇ ಬರುತ್ತೆ, ಹಿಟ್ಟಿಂದ 21, ಖರ್ಜೂರದಿಂದ 22 ಗ್ರಾಂ ಹತ್ತಿರ. ಒಂದೇ ವ್ಯತ್ಯಾಸ, ಪಾನಕದಲ್ಲಿ ನೀರೂ ಒಳಗೆ ಹೋಗ್ತಿತ್ತು. ಉಂಡೆ ಜೊತೆ ಒಂದು ಲೋಟ ನೀರು ಕುಡೀಲೇಬೇಕು, ಇಲ್ಲಾಂದ್ರೆ ಹುರಿಹಿಟ್ಟು ಗಂಟಲಲ್ಲೇ ಹಿಡಿಯುತ್ತೆ, ಹೊಟ್ಟೇಲೂ ಭಾರ ಅನ್ನಿಸುತ್ತೆ. ಬಸ್ಸಲ್ಲಿ ಮಾತಾಡ್ತಾ ತಿನ್ನಬೇಡಿ.

4ರ ಬಿಸ್ಕತ್ತಿನ ಆಸೆಗೆ ಒಂದು ಹಿಡಿ ಹುರಿಗಡಲೆ, 20 ಗ್ರಾಂ, ಟೀ ಜೊತೆ. ಮೇಷ್ಟ್ರ ಕಾಲದಿಂದ ಇದೇ ತಾನೇ ಸಂಜೆ ತಿಂಡಿ.

ಚಿಂತಾಮಣಿ ಮೇಷ್ಟ್ರು

ಹುರಿಗಡಲೆಗೆ ಕಡಲೆಪುರಿ ಬೆರೆಸುತ್ತಿದ್ದೆವು ತಾಯಿ. ಡಾಕ್ಟರು ಮಾತ್ರೆಯ ಹೊತ್ತು ಬದಲಿಸಿಕೊಟ್ಟಿದ್ದಾರೆ. ನಡೆಯುವ ಮುಂಚೆ ಒಂದು ಹಿಡಿ ಹುರಿಗಡಲೆ ಸಾಕು ಎಂದರು.

ನರಸಾಪುರ ಶಿಫ್ಟ್

ಇವತ್ತು ಖರ್ಜೂರದ್ದು ಕಟ್ಕೊಂಡು ಹೋಗಿದ್ದೆ. ಗೇಟಲ್ಲಿ ಕೇಳಲಿಲ್ಲ. ಒಂದು ಉಂಡೆ ಚೆನ್ನಾಗಿ ನಿಂತಿತ್ತು, ಇನ್ನೊಂದು ಡಬ್ಬೀಲೇ ಪುಡಿಯಾಗಿತ್ತು. ನಾದಿದ್ದು ಸಾಲದೋ, ಖರ್ಜೂರ ಗಟ್ಟಿ ಇತ್ತೋ ಗೊತ್ತಾಗ್ತಿಲ್ಲ. ಬರೋ ವಾರ ನೈಟ್ ಶಿಫ್ಟ್, ಜಿಮ್ ಮಧ್ಯಾಹ್ನ 3ಕ್ಕೆ. ಬೆಳಿಗ್ಗೆ 8ಕ್ಕೆ ಮಲಗಿ 2ಕ್ಕೆ ಏಳ್ತೀನಿ. ಆ ಒಂದು ಗಂಟೇಲಿ ಊಟ ಮಾಡ್ಲಾ, ಉಂಡೆ ತಿನ್ಲಾ?

ಗುಬ್ಬಿ ಅಡುಗೆಮನೆ

ಖರ್ಜೂರ ಗಟ್ಟಿ ಇದ್ರೆ ಹತ್ತು ನಿಮಿಷ ಇಡ್ಲಿ ಪಾತ್ರೆ ಹಬೇಲಿಟ್ಟು ಕುಟ್ಟಿ. 2ಕ್ಕೆ ಎದ್ದು ಊಟ ಮಾಡಬೇಡಿ, ಉಂಡೆ ತಿಂದು ಜಿಮ್ ಮುಗಿಸಿ 4:15ಕ್ಕೆ ಊಟ ಮಾಡಿ.

ಬಾರ್ಬೆಲ್ ತುಮಕೂರು

ನಾನು ಒಪ್ಪಲ್ಲ. ರಾತ್ರಿಯೆಲ್ಲ ಕೆಲಸ ಮಾಡಿ, ಆರು ಗಂಟೆ ಏನೂ ತಿನ್ನದೆ ಮಲಗಿ ಎದ್ದೋರಿಗೆ ಎರಡು ಉಂಡೆ ಸಾಲದು. ಜಿಮ್ಮನ್ನ 4ಕ್ಕೆ ಹಾಕ್ಕೊಳ್ಳಿ, 2ಕ್ಕೆ ನಾಲ್ಕು ಇಡ್ಲಿ, ತೆಳು ಸಾರು. ತಟ್ಟೆ ಇಡ್ಲಿ ಆದ್ರೆ ಒಂದೂವರೆ.

ರಾಗಿಕಣ

ಜಿಮ್ 4ಕ್ಕೆ ಸಾಧ್ಯ ಆದ್ರೆ ಬಾರ್ಬೆಲ್ ಅವರು ಹೇಳಿದ್ದೇ ಸರಿ, 3ಕ್ಕೇ ಆಗಬೇಕು ಅಂದ್ರೆ ಗುಬ್ಬಿಯವರು ಹೇಳಿದ್ದು. ಬೆಳಿಗ್ಗೆ ಮಲಗೋ ಮುಂಚೆ 7:30ಕ್ಕೆ ಏನು ತಿಂತೀರಿ ಅಂತ ಹೇಳಿ, ಉಳಿದಿದ್ದು ಅದರ ಮೇಲೆ ನಿಂತಿದೆ.